ಅದೇ ಕನಸು ಮತ್ತೆ ಮತ್ತೆ: ಫಲ ಕೇಳಿದ್ದು ಸಾಕು, ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು ಯಾವಾಗ?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ, ಅದರಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರೇ. ಅವರು ನಡೆದುಕೊಂಡು ಹೊರಬಂದ ವಿಡಿಯೋವನ್ನು ದೇಶವೆಲ್ಲ ನೋಡಿತು. ಸುಮಾರು ಒಂದು ತಿಂಗಳ ನಂತರ ಅವರ ಸಂಬಂಧಿಕರು ಸುದ್ದಿಸಂಸ್ಥೆಗೆ ಹೇಳಿದ ಮಾತು ಅಷ್ಟಾಗಿ ಚರ್ಚೆಯಾಗಲಿಲ್ಲ. ಅವರು ನಡುರಾತ್ರಿ ಎದ್ದುಬಿಡುತ್ತಾರೆ, ಮತ್ತೆ ನಿದ್ದೆ ಹತ್ತುವುದಿಲ್ಲ, ಮನೋವೈದ್ಯರ ಬಳಿ ಕರೆದುಕೊಂಡು ಹೋಗಿದ್ದೇವೆ ಎಂದಿದ್ದರು.

ಅದೇ ಹೊತ್ತಿಗೆ ಚರ್ಚೆಯಾಗುತ್ತಿದ್ದದ್ದು ಅವರು ಕೂತಿದ್ದ 11ಎ ಸೀಟು. 1998ರ ವಿಮಾನ ದುರಂತದಲ್ಲಿ ಬದುಕಿದ್ದ ಥಾಯ್ಲೆಂಡಿನ ಗಾಯಕರೊಬ್ಬರು ತಾವೂ ಅದೇ ನಂಬರಿನ ಸೀಟಿನಲ್ಲಿದ್ದೆ ಎಂದಾಗ ಮಾತು ಇನ್ನೂ ಜೋರಾಯಿತು. ದೊಡ್ಡ ಭಯ ಎದುರಾದಾಗ ಜನ ಮೊದಲು ಹುಡುಕುವುದು ಸೂಚನೆಯನ್ನು. ಬದುಕಿ ಬಂದವರ ರಾತ್ರಿಗಳಿಗೂ ಇದೇ ಆಗುತ್ತದೆ. ಮೈಗೆ ಗಾಯವಿಲ್ಲ, ಆದರೂ ಅದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ ಅಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ 'ಇದರ ಫಲ ಏನು?' ಅಂತ.

ಅದೇ ವರ್ಷ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲು ಬಳಿ ಹೊತ್ತಿ ಉರಿಯಿತು. ಮಲಗಿದ್ದ ಹಲವರಿಗೆ ಎದ್ದು ಓಡುವಷ್ಟು ಹೊತ್ತೂ ಸಿಗಲಿಲ್ಲ. ಇಂಥ ದುರಂತದಿಂದ ಪಾರಾದವರ ಕನಸಿನ ಲೆಕ್ಕವೇ ಬೇರೆ. ಅದನ್ನು ಬೇರೆ ಕನಸುಗಳ ಜೊತೆ ಸೇರಿಸಿ ನೋಡುವುದರಿಂದಲೇ ಗೊಂದಲ ಶುರುವಾಗುತ್ತದೆ.

## ಇದು ಯಾವ ಕನಸು?

ಕೆಟ್ಟ ಕನಸು ಎಲ್ಲರಿಗೂ ಬೀಳುತ್ತದೆ. ಪರೀಕ್ಷೆಗೆ ತಡವಾಯಿತು, ಹಾವು ಅಟ್ಟಿಸಿಕೊಂಡು ಬಂತು, ಹಲ್ಲು ಉದುರಿತು, ಇಂಥವು. ಅವು ಬಂದು ಹೋಗುತ್ತವೆ, ಕಥೆ ದಿನಕ್ಕೊಂದು ಥರ ಇರುತ್ತದೆ. ದುರಂತದ ನಂತರದ ಕನಸಿನಲ್ಲಿ ಕಥೆ ಹೊಸದಲ್ಲ. ನಡೆದದ್ದೇ ಮತ್ತೆ ನಡೆಯುತ್ತದೆ. ಅದೇ ಸದ್ದು, ಅದೇ ಹೊಗೆ ವಾಸನೆ, ಅದೇ ಒಡೆಯದ ಗಾಜು. ಕೆಲವರಿಗೆ ಸ್ವಲ್ಪ ವೇಷ ಬದಲಿಸಿ ಬರುತ್ತದೆ: ಬಸ್ಸಿನ ಬದಲು ಮನೆ ಉರಿಯುತ್ತದೆ, ಆದರೆ ಬಾಗಿಲು ತೆರೆಯದೆ ಸಿಕ್ಕಿಕೊಂಡ ಭಯ ಮಾತ್ರ ಅದೇ. ಎದ್ದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಮೈಯೆಲ್ಲ ಬೆವರು, ಕನಸು ಪೂರ್ತಿ ನೆನಪಿರುತ್ತದೆ.

ಚಿಕ್ಕ ಮಕ್ಕಳು ರಾತ್ರಿ ಕಿರುಚಿ ಎದ್ದು ಕೂರುವುದು ಇದಲ್ಲ, ಅದನ್ನು ಬೇರೆ ಇಡಬೇಕು. ಅದು ಮಲಗಿದ ಮೊದಲ ಎರಡು ಮೂರು ಗಂಟೆಯೊಳಗೆ, ಗಾಢ ನಿದ್ದೆಯಲ್ಲಿ ಆಗುತ್ತದೆ. ಕಣ್ಣು ತೆರೆದಿದ್ದರೂ ಮಗುವಿಗೆ ಎಚ್ಚರವಿರುವುದಿಲ್ಲ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ವಯಸ್ಸಾದಂತೆ ತಾನೇ ನಿಲ್ಲುತ್ತದೆ.

ಒಂದೇ ಕನಸು ಯಾಕೆ ಮರಳುತ್ತದೆ? ಸಾಮಾನ್ಯ ನೆನಪಿಗೆ 'ಇದು ಆಗಿಹೋದದ್ದು' ಎಂಬ ಗುರುತು ಅಂಟಿರುತ್ತದೆ. ಜೀವ ಹೋಗುವಷ್ಟು ಭಯವಾದಾಗ ಮೆದುಳು ಆ ಕ್ಷಣದ ಸದ್ದು, ವಾಸನೆ, ಬಿಸಿಯನ್ನು ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ 'ಮುಗಿಯಿತು' ಎಂಬ ಗುರುತು ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಆ ನೆನಪು ಎಚ್ಚೆತ್ತಾಗಲೆಲ್ಲ ಈಗಲೇ ನಡೆಯುತ್ತಿರುವಂತೆ ಬರುತ್ತದೆ. ಹಗಲಲ್ಲಿ ಕೆಲಸ, ಮಾತು, ಮೊಬೈಲು ಅಂತ ಅದನ್ನು ಒತ್ತಿಡಬಹುದು. ನಿದ್ದೆಯಲ್ಲಿ ಆ ಹಿಡಿತ ಸಡಿಲವಾಗುತ್ತದೆ.

ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ನಮ್ಮಲ್ಲಿ ಒಂದು ಮಾತಿದೆ. ಈ ಕನಸುಗಳಿಗೆ ಜನ ಅಷ್ಟೊಂದು ಹೆದರುವುದಕ್ಕೆ ಅದೂ ಕಾರಣ. ನಿದ್ದೆಯಲ್ಲಿ ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ಹಂತವೊಂದಿದೆ. ಅದಕ್ಕೆ ರೆಮ್ ನಿದ್ದೆ ಎನ್ನುತ್ತಾರೆ. ಅದು ರಾತ್ರಿಯ ಕೊನೆಯ ಭಾಗದಲ್ಲೇ ಜಾಸ್ತಿ. ಹಾಗಾಗಿ ಕೆಟ್ಟ ಕನಸುಗಳೂ ಮೂರು, ನಾಲ್ಕು, ಐದು ಗಂಟೆಗೇ ಜಾಸ್ತಿ ಬೀಳುತ್ತವೆ. ಅದು ನಿದ್ದೆಯ ಲಯ, ಭವಿಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

## ಅರ್ಥ ಹೇಳುವವರು ಏನನ್ನುತ್ತಾರೆ?

ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ವ್ಯಾಖ್ಯಾನ ಮೂರು ಥರದ್ದು. ಗಂಡಾಂತರ ಇನ್ನೂ ಮುಗಿದಿಲ್ಲ, ಇನ್ನೊಂದು ಕಾದಿದೆ ಎನ್ನುವುದು ಒಂದು. ಗಾಳಿ ಸೋಕಿದೆ, ಸತ್ತವರಿಗೆ ಸದ್ಗತಿ ಸಿಕ್ಕಿಲ್ಲ ಎನ್ನುವುದು ಇನ್ನೊಂದು. ಓದಿಕೊಂಡವರ ಮನೆಗಳಲ್ಲಿ ಮೂರನೆಯದು ಕೇಳಿಸುತ್ತದೆ: ಈ ಕನಸಿನ ಹಿಂದೆ ನಿನ್ನೊಳಗಿನ ಯಾವುದೋ ಬಚ್ಚಿಟ್ಟ ಆಸೆ ಅಥವಾ ಅಪರಾಧ ಭಾವನೆ ಇದೆ, ಅದನ್ನು ಹುಡುಕಿಕೋ ಅಂತ.

ಅರ್ಥ ಹುಡುಕುವ ಎರಡು ದೊಡ್ಡ ಪರಂಪರೆಗಳೂ ಈ ಜಾತಿಯ ಕನಸನ್ನು ಪಕ್ಕಕ್ಕಿಟ್ಟಿವೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ಚರಕ ಸಂಹಿತೆಯಲ್ಲಿ ಇಂದ್ರಿಯಸ್ಥಾನ ಎಂಬ ಭಾಗವಿದೆ. ರೋಗಿ ಬದುಕುತ್ತಾನೋ ಇಲ್ಲವೋ ಎಂದು ತಿಳಿಯಲು ವೈದ್ಯ ಗಮನಿಸಬೇಕಾದ ಸೂಚನೆಗಳ ಭಾಗ ಅದು. ಕನಸಿನ ಫಲವನ್ನು ನಂಬುವ ಗ್ರಂಥವೇ. ಅಲ್ಲಿ ಕನಸುಗಳನ್ನು ಏಳು ಬಗೆ ಮಾಡಿದ್ದಾರೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದೆ ಆಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಬರುವುದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲ ಎಂದು ವೈದ್ಯ ತಿಳಿಯಬೇಕು ಎಂದು ಅಲ್ಲೇ ಹೇಳಿದೆ. ಕಣ್ಣಾರೆ ಕಂಡು, ಮೈಯಾರೆ ಅನುಭವಿಸಿದ ಬೆಂಕಿ ಕನಸಿಗೆ ಬಂದರೆ ಅದು ಯಾವ ಗುಂಪಿಗೆ ಸೇರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ಸಿಗ್ಮಂಡ್ ಫ್ರಾಯ್ಡ್. ಕನಸೆಂದರೆ ಈಡೇರದ ಆಸೆಯ ಮರೆವೇಷ ಎಂದು ವಾದಿಸಿದವರು ಅವರು. ಮೊದಲ ಮಹಾಯುದ್ಧ ಮುಗಿದ ಮೇಲೆ, ಯುದ್ಧದಲ್ಲಿ ಮತ್ತು ಅಪಘಾತಗಳಲ್ಲಿ ಬೆಚ್ಚಿಬಿದ್ದವರ ಕನಸು ಅವರ ಸಿದ್ಧಾಂತಕ್ಕೆ ಅಡ್ಡ ಬಂತು. ಆ ಜನ ನಿದ್ದೆಯಲ್ಲಿ ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗಿ ಹೊಸದಾಗಿ ಹೆದರಿ ಏಳುತ್ತಿದ್ದರು. ಇದರಲ್ಲಿ ಯಾವ ಆಸೆ ಈಡೇರುತ್ತದೆ? ಇಂಥ ಕನಸು ತನ್ನ ನಿಯಮಕ್ಕೆ ಒಗ್ಗುವುದಿಲ್ಲ ಎಂದು 1920ರಲ್ಲಿ ಫ್ರಾಯ್ಡ್ ಅವರೇ ಬರೆದರು.

ಅಂದರೆ ಫಲ ಹೇಳುವ ಶಾಸ್ತ್ರಕ್ಕೂ ಇಲ್ಲಿ ಕೆಲಸವಿಲ್ಲ, ಗೂಢಾರ್ಥ ಬಿಡಿಸುವ ಶಾಸ್ತ್ರಕ್ಕೂ ಕೆಲಸವಿಲ್ಲ. ಮತ್ತೆ ಮತ್ತೆ ಬರುವ ಈ ಕನಸಿಗೆ ಅರ್ಥ ಗೊತ್ತಿರುವುದೇ: ನಡೆದದ್ದು ಇನ್ನೂ ಮುಗಿದಂತೆ ಅನಿಸಿಲ್ಲ, ಅಷ್ಟೇ.

ಹಾಗಂತ ಪೂಜೆ, ಶಾಂತಿ, ಕರ್ಮಾಂತರ ಎಲ್ಲ ದಂಡ ಎನ್ನುವುದೂ ತಪ್ಪು. ದುರಂತದಲ್ಲಿ ಯಾರನ್ನೋ ಕಳೆದುಕೊಂಡವರಿಗೆ ತಿಥಿ ಮಾಡುವುದು, ನಾಲ್ಕು ಜನ ಸೇರಿ ಅಳುವುದು ನಿಜವಾಗಿಯೂ ನೆಮ್ಮದಿ ಕೊಡುತ್ತದೆ. 2002ರಲ್ಲಿ ನಿಮ್ಹಾನ್ಸ್ ವೈದ್ಯರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ ಮಾನಸಿಕ ರೋಗಿಗಳನ್ನು ಗಮನಿಸಿ, ಕೆಲವು ವಾರಗಳಲ್ಲಿ ಅವರ ತೊಂದರೆ ಸುಮಾರು ಐದನೇ ಒಂದು ಭಾಗ ಇಳಿದಿತ್ತು ಎಂದು ವರದಿ ಮಾಡಿದ್ದರು. ಆ ಜಾಗದ ಶಾಂತ, ಅಕ್ಕರೆಯ ವಾತಾವರಣವೇ ಇದಕ್ಕೆ ಕಾರಣವಿರಬಹುದು ಅನ್ನುವುದು ಅವರ ಅಂದಾಜು. ಆ ರೋಗಿಗಳ ಕಾಯಿಲೆ ಬೇರೆ, ಹಾಗಾಗಿ ಕನಸಿಗೆ ಅದನ್ನೇ ಔಷಧಿ ಅನ್ನಲಾಗದು. ಆದರೆ ದೇವಸ್ಥಾನಕ್ಕೂ ಆಸ್ಪತ್ರೆಗೂ ಜಗಳ ಹಚ್ಚುವ ಅಗತ್ಯವಿಲ್ಲ ಎನ್ನುವುದಕ್ಕೆ ಅಷ್ಟು ಸಾಕು. ತೊಂದರೆ ಆಗುವುದು ಒಂದು ಇನ್ನೊಂದರ ದಾರಿಗೆ ಅಡ್ಡ ನಿಂತಾಗ.

## ಮೊದಲ ತಿಂಗಳಲ್ಲಿ ಏನು ಮಾಡಬೇಕು, ಏನು ಬೇಡ

ಘಟನೆ ನಡೆದ ಮೊದಲ ಕೆಲವು ವಾರ ಅದೇ ಕನಸು ಬೀಳುವುದು ರೋಗವಲ್ಲ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಸಡಿಲವಾಗುತ್ತದೆ. ಮೊದಲ ವಾರ ದಿನಾ ಬಿದ್ದದ್ದು ಮೂರನೇ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಯುತ್ತದೆ. ಕನಸಿನೊಳಗೇ ಬದಲಾವಣೆ ಕಾಣುವುದು ಒಳ್ಳೆಯ ಗುರುತು. ಮೊದಲು ಬೆಂಕಿಯಲ್ಲೇ ಮುಗಿಯುತ್ತಿದ್ದ ಕನಸು ಈಗ ರಸ್ತೆಗೆ ಇಳಿಯುವವರೆಗೆ ಹೋಗುತ್ತದೆ, ಬೇರೆ ಜನ, ಬೇರೆ ಊರು ಸೇರಿಕೊಳ್ಳುತ್ತವೆ.

ಈ ಹಂತದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪುಗಳಿವೆ. 'ಎಲ್ಲ ಹೇಳಿಬಿಡು, ಮನಸ್ಸು ಹಗುರಾಗುತ್ತೆ' ಅಂತ ಕೂರಿಸಿ ಘಟನೆಯನ್ನು ಪೂರ್ತಿ ಹೇಳಿಸುವುದು ಒಂದು. ಇಂಥ ಒಂದೇ ಬಾರಿಯ ಬಲವಂತದ ಹೇಳಿಸುವಿಕೆಯಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅವರಾಗಿ ಹೇಳಿದರೆ ಕೇಳಬೇಕು, ಕೆದಕಬಾರದು. ಎರಡನೆಯದು ಯಾರೋ ಕೊಟ್ಟ ನಿದ್ದೆ ಮಾತ್ರೆ. ಭಯ ಹುಟ್ಟಿಸಿದ ಘಟನೆಯ ಮೊದಲ ತಿಂಗಳಲ್ಲಿ ಬೆಂಜೋಡಯಾಜೆಪಿನ್ ಗುಂಪಿನ ಮಾತ್ರೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ 'ನಿದ್ದೆಗೆ ಏನಾದರೂ ಕೊಡಿ' ಅಂದರೆ ಸಿಗಬಹುದಾದದ್ದು ಇದೇ ಗುಂಪಿನದು.

ಮೂರನೆಯದು ಕುಡಿತ. ಕುಡಿದರೆ ಬೇಗ ನಿದ್ದೆ ಬರುತ್ತದೆ, ಮೊದಲ ಅರ್ಧ ರಾತ್ರಿ ಕನಸೂ ಕಡಿಮೆ. ಅದೇ ಜನರನ್ನು ಮೋಸಗೊಳಿಸುವುದು. ಮದ್ಯ ರೆಮ್ ನಿದ್ದೆಯನ್ನು ಒತ್ತಿಹಿಡಿಯುತ್ತದೆ. ಮೂರು ನಾಲ್ಕು ಗಂಟೆ ಕಳೆದು ಅದರ ಪ್ರಭಾವ ಇಳಿದಾಗ, ತಡೆದಿಟ್ಟಿದ್ದ ರೆಮ್ ನಿದ್ದೆ ಒಟ್ಟಿಗೆ ನುಗ್ಗುತ್ತದೆ. ಬೆಳಗಿನ ಜಾವದ ಕನಸು ಮೊದಲಿಗಿಂತ ಜೋರಾಗುತ್ತದೆ, ಮಾರನೇ ದಿನ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

## ಒಂದು ಉದಾಹರಣೆ

ಇಲ್ಲಿ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತನಾಲ್ಕು ವರ್ಷದ ಹೆಂಗಸು, ಬೆಂಗಳೂರಿನಲ್ಲಿ ಕೆಲಸ, ಊರು ಶಿವಮೊಗ್ಗದ ಕಡೆ. ರಾತ್ರಿ ಬಸ್ಸಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿದ್ದಾಗ ಬಸ್ಸಿಗೆ ಬೆಂಕಿ ಹತ್ತಿದೆ. ಹಿಂದಿನ ಗಾಜು ಒಡೆದು ಇಳಿದಿದ್ದಾರೆ. ಕೈಗೆ ಸಣ್ಣ ಗಾಯ, ಎರಡು ದಿನದಲ್ಲಿ ಆಸ್ಪತ್ರೆಯಿಂದ ಮನೆಗೆ.

ಮೊದಲ ವಾರ ದಿನಾ ಕನಸು. ಎರಡನೇ ವಾರ ನಾಲ್ಕು ರಾತ್ರಿ. ಇಲ್ಲಿಯವರೆಗೆ ದಾರಿ ಸರಿಯಾಗಿಯೇ ಇದೆ. ಆಗ ಅತ್ತೆ ಜೋಯಿಸರ ಬಳಿ ಕೇಳಿಸಿಕೊಂಡು ಬರುತ್ತಾರೆ: ಇನ್ನೂ ಆರು ತಿಂಗಳು ಪ್ರಯಾಣ ಗಂಡಾಂತರ, ಕನಸು ಅದನ್ನೇ ಹೇಳುತ್ತಿದೆ. ತಾಯತ ಕಟ್ಟುತ್ತಾರೆ, ಪ್ರಯಾಣ ನಿಲ್ಲಿಸುತ್ತಾರೆ.

ಈಗ ಏನಾಯಿತು ನೋಡಿ. ಮೊದಲು ಕನಸು ಬರೀ ಕಳೆದದ್ದರ ನೆನಪಾಗಿತ್ತು. ಈಗ ಅದು ಮುಂದೆ ಬರುವುದರ ಎಚ್ಚರಿಕೆಯಾಯಿತು. ಮೆದುಳಿಗೆ ಬೇಕಿದ್ದ ಮಾತು 'ಮುಗಿಯಿತು' ಅನ್ನುವುದು, ಅದಕ್ಕೆ ಸಿಕ್ಕಿದ್ದು 'ಮುಗಿದಿಲ್ಲ' ಅನ್ನುವುದು. ಪ್ರತಿ ಕನಸೂ ಆ ಮಾತಿಗೆ ಸಾಕ್ಷಿಯಂತೆ ಕಾಣತೊಡಗುತ್ತದೆ. ಬಸ್ಸು ಹತ್ತದಿದ್ದರೆ ಆ ದಿನದ ಭಯ ಕಡಿಮೆಯಾಗುತ್ತದೆ ನಿಜ. ಆದರೆ ಬಸ್ಸು ಹತ್ತಿಯೂ ಏನೂ ಆಗಲಿಲ್ಲ ಎಂದು ಮೆದುಳು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ಭಯ ಬಸ್ಸಿನಿಂದ ಕಾರಿಗೆ, ಕಾರಿನಿಂದ ಮುಚ್ಚಿದ ಕೋಣೆಗೆ, ಅಡುಗೆಮನೆಯ ಹೊಗೆಗೆ ಹರಡುತ್ತದೆ.

ಇವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಘಟನೆ ನಡೆದದ್ದೇ ನಿದ್ದೆಯಲ್ಲಿದ್ದಾಗ. ಹಾಗಾಗಿ ನಿದ್ದೆಗೆ ಜಾರುವುದೇ ಅಪಾಯ ಎಂದು ಮೈ ಕಲಿತುಬಿಟ್ಟಿದೆ. ರಾತ್ರಿ ಎರಡರವರೆಗೆ ಟೀವಿ, ಮೊಬೈಲು. ದೀಪ ಆರಿಸುವುದಿಲ್ಲ. ಬಾಗಿಲು ಚಿಲಕ ಹಾಕುವುದಿಲ್ಲ. ತಡವಾಗಿ, ಅರೆಬರೆಯಾಗಿ ಬರುವ ನಿದ್ದೆಯಲ್ಲಿ ಎಚ್ಚರವಾಗುವುದು ಜಾಸ್ತಿ, ಎಚ್ಚರವಾದಷ್ಟೂ ಕನಸು ನೆನಪಿರುವುದು ಜಾಸ್ತಿ. ಆರನೇ ವಾರಕ್ಕೆ ಕನಸು ಮತ್ತೆ ವಾರಕ್ಕೆ ಐದು ರಾತ್ರಿಗೆ ಏರಿದೆ. ಕೆಲಸಕ್ಕೆ ರಜೆ, ಮಗುವಿನ ಮೇಲೆ ಸಿಡುಕು, ಗ್ಯಾಸ್ ಒಲೆ ಹಚ್ಚುವಾಗ ಕೈ ನಡುಕ.

ಜೋಯಿಸರದ್ದಾಗಲೀ ಅತ್ತೆಯದ್ದಾಗಲೀ ಕೆಟ್ಟ ಉದ್ದೇಶವೇನಲ್ಲ. ಆದರೂ ವಾಸಿಯಾಗುತ್ತಿದ್ದ ದಾರಿಯನ್ನು ತಪ್ಪಿಸಿದ್ದು ಆ ವ್ಯಾಖ್ಯಾನವೇ.

## ಎಲ್ಲಿಗೆ ಬಂದರೆ ವೈದ್ಯರು ಬೇಕೇ ಬೇಕು

ಒಂದು ತಿಂಗಳು ದಾಟಿದ ಮೇಲೂ ಕನಸು ಕಡಿಮೆಯಾಗದೆ, ಹಗಲಿನ ಬದುಕನ್ನೂ ಹಿಡಿದುಕೊಂಡಿದ್ದರೆ ಕಾಯುವ ಕಾಲ ಮುಗಿಯಿತು ಅಂತ ಅರ್ಥ. ವೈದ್ಯರು ನೋಡುವುದು ಮುಖ್ಯವಾಗಿ ಮೂರನ್ನು: ಘಟನೆ ಈಗಲೇ ನಡೆಯುತ್ತಿರುವಂತೆ ಕನಸಿನಲ್ಲೋ ಹಗಲಲ್ಲೋ ಮರಳುವುದು, ಅದನ್ನು ನೆನಪಿಸುವ ಜಾಗ, ಮಾತು, ಜನರಿಂದ ದೂರ ಓಡುವುದು, ಮತ್ತು ಮೈ ಸದಾ ಎಚ್ಚರದಲ್ಲೇ ಇದ್ದು ಸಣ್ಣ ಸದ್ದಿಗೂ ಬೆಚ್ಚಿಬೀಳುವುದು. ಮೂರೂ ಒಟ್ಟಿಗೆ ವಾರಗಟ್ಟಲೆ ಇದ್ದು ಕೆಲಸ, ಸಂಸಾರ ಕೆಡುತ್ತಿದ್ದರೆ ಅದು ಪಿಟಿಎಸ್‌ಡಿ, ಅಂದರೆ ದುರಂತದ ಆಘಾತದಿಂದ ಬರುವ ಮಾನಸಿಕ ಕಾಯಿಲೆ ಇರಬಹುದು. ಮಲಗಲೇ ಹೆದರುವುದು, ನಿದ್ದೆಗಾಗಿ ಕುಡಿತ ಶುರುವಾಗುವುದು, ಮಗು ಆಟದಲ್ಲಿ ಅದೇ ಘಟನೆಯನ್ನು ಮತ್ತೆ ಮತ್ತೆ ಆಡುವುದು ಅಥವಾ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಇವೂ ಅದೇ ಕಡೆ ಕೈ ತೋರಿಸುತ್ತವೆ.

ಒಂದು ಕನಸಿಗೆ ಮಾತ್ರ ತಿಂಗಳೂ ಕಾಯಬಾರದು. ದುರಂತದಲ್ಲಿ ತೀರಿಕೊಂಡವರು ಕನಸಿನಲ್ಲಿ ಬಂದು 'ಬಾ' ಅಂತ ಕರೆಯುತ್ತಾರೆ ಎನ್ನುವ ಕನಸು. ಮನೆಯವರು ಇದನ್ನು ಸಾವಿನ ಸೂಚನೆ ಅಂತ ಓದಿ ಹೋಮಕ್ಕೆ ಓಡುತ್ತಾರೆ. ಕನಸು ಕಂಡವರು ಮಾತ್ರ 'ಅವರು ಹೋದರು, ನಾನ್ಯಾಕೆ ಉಳಿದೆ' ಎಂಬ ಕೊರಗಿನಲ್ಲಿ ಇರಬಹುದು. ಪದೇ ಪದೇ ಕೆಟ್ಟ ಕನಸು ಬೀಳುವವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದ್ದರಿಂದ ಇಲ್ಲಿ ಕೇಳಬೇಕಾದ್ದು ಕನಸಿನ ಅರ್ಥವನ್ನಲ್ಲ. 'ಸತ್ತುಹೋಗಬೇಕು ಅನಿಸುತ್ತಾ?' ಅಂತ ನೇರವಾಗಿ, ಮೆತ್ತಗೆ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವುದು ತಪ್ಪು ಭಯ. ಹೌದು ಅಂದರೆ ಒಬ್ಬರನ್ನೇ ಬಿಡಬಾರದು, ಅವತ್ತೇ ವೈದ್ಯರ ಬಳಿ ಕರೆದೊಯ್ಯಬೇಕು.

## ಚಿಕಿತ್ಸೆಯಲ್ಲಿ ನಡೆಯುವುದೇನು?

ಮನೋವೈದ್ಯರ ಬಳಿ ಹೋದರೆ ಕನಸನ್ನು ಬಿಡಿಸಿ ಅರ್ಥ ಹೇಳುತ್ತಾರೆ ಅಂತ ಹಲವರು ಅಂದುಕೊಂಡಿದ್ದಾರೆ. ಈ ಕನಸಿಗೆ ಇರುವ ಒಂದು ಚಿಕಿತ್ಸೆಯಲ್ಲಿ ಅರ್ಥದ ಮಾತೇ ಬರುವುದಿಲ್ಲ. ಅದರ ಹೆಸರು ಇಮೇಜರಿ ರಿಹರ್ಸಲ್ ಥೆರಪಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2018ರಲ್ಲಿ ಇದನ್ನು ದುರಂತದ ನಂತರದ ಕೆಟ್ಟ ಕನಸುಗಳಿಗೆ ಶಿಫಾರಸು ಮಾಡಿದೆ.

ನಮ್ಮ ಉದಾಹರಣೆಯ ಹೆಂಗಸಿಗೆ ಅದು ಹೀಗೆ ನಡೆಯಬಹುದು. ಮೊದಲು ತೀರಾ ಭಯಂಕರವಾದದ್ದನ್ನು ಮುಟ್ಟದೆ, ಸ್ವಲ್ಪ ಹಗುರವಾದ ಒಂದು ಕೆಟ್ಟ ಕನಸನ್ನು ಆರಿಸುತ್ತಾರೆ. ಹಗಲು ಹೊತ್ತಿನಲ್ಲಿ ಅದನ್ನು ಕಾಗದದ ಮೇಲೆ ಬರೆಯುತ್ತಾರೆ. ಆಮೇಲೆ ಅದನ್ನು ತನಗೆ ಬೇಕಾದ ಹಾಗೆ ಬದಲಿಸಬೇಕು. ಹೇಗೆ ಅಂತ ಚಿಕಿತ್ಸಕರು ಹೇಳುವುದಿಲ್ಲ. ಬರ್ತಿನ ಪರದೆ ಸರಿಸಿದಾಗ ಹೊಗೆಯ ಬದಲು ಊರಿನ ಬಸ್‌ಸ್ಟ್ಯಾಂಡು ಕಾಣಬಹುದು, ಗಾಜು ಕೈ ತಾಗಿಸಿದರೆ ತೆರೆದುಕೊಳ್ಳಬಹುದು. ನಂಬುವಂತಿರಬೇಕು ಅಂತೇನಿಲ್ಲ. ಈ ಹೊಸ ಕನಸನ್ನು ದಿನಾ ಹತ್ತು ಇಪ್ಪತ್ತು ನಿಮಿಷ, ಎಚ್ಚರವಿದ್ದಾಗ, ಕಣ್ಣಿಗೆ ಕಟ್ಟುವಂತೆ ಮನಸ್ಸಿನಲ್ಲಿ ನಡೆಸಬೇಕು. ಹಳೆಯದನ್ನು ಮತ್ತೆ ಓದುವಂತಿಲ್ಲ. ಅಭ್ಯಾಸವಾದ ಮೇಲೆ ಹೆಚ್ಚು ಭಯದ ಕನಸಿಗೆ ಹೋಗುತ್ತಾರೆ.

ಬ್ಯಾರಿ ಕ್ರಾಕೋ ಎಂಬ ವೈದ್ಯರ ತಂಡ 2001ರಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 168 ಮಹಿಳೆಯರಲ್ಲಿ ಈ ವಿಧಾನವನ್ನು ಪರೀಕ್ಷಿಸಿತ್ತು. ಕೇವಲ ಮೂರು ಭೇಟಿಗಳ ತರಬೇತಿ ಪಡೆದವರಲ್ಲಿ ಕನಸು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು, ಹಗಲಿನ ತೊಂದರೆಯೂ ಇಳಿಯಿತು. ಎಲ್ಲರಿಗೂ ಇದು ಒಗ್ಗುತ್ತದೆ ಅಂತಲ್ಲ. ಹಗಲಿನ ಭಯವೂ ಬಲವಾಗಿದ್ದರೆ ಘಟನೆಯನ್ನೇ ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸುವ ಸಿಬಿಟಿ ಅಥವಾ ಇಎಂಡಿಆರ್ ಎಂಬ ಮನೋಚಿಕಿತ್ಸೆ ಬೇಕಾಗುತ್ತದೆ. ಇವುಗಳಿಗೆ ಹಲವು ವಾರ ಹಿಡಿಯುತ್ತದೆ.

ಮಾತ್ರೆಯ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಪ್ರಜೋಸಿನ್ ಎಂಬ ಬಿಪಿ ಮಾತ್ರೆ ಈ ಕನಸುಗಳಿಗೆ ಒಳ್ಳೆಯದೆಂದು ವರ್ಷಗಟ್ಟಲೆ ಬಳಕೆಯಲ್ಲಿತ್ತು. 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಖಾಲಿ ಮಾತ್ರೆಗಿಂತ ಮೇಲಲ್ಲ ಎಂದು ಕಂಡುಬಂತು. ಆದರೂ ಕೆಲವರಿಗೆ ನಾಟುತ್ತದೆ ಎಂದು ಹಲವು ವೈದ್ಯರು ಈಗಲೂ ಕೊಡುತ್ತಾರೆ. ಯಾರಿಗೋ ಬರೆದುಕೊಟ್ಟದ್ದನ್ನು ನೋಡಿ ತಾವೇ ಕೊಂಡು ನುಂಗುವ ಮಾತ್ರೆಯಲ್ಲ ಇದು. ಬಿಪಿ ಏಕಾಏಕಿ ಇಳಿದು ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು.

## ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮೊದಲ ಹೆಜ್ಜೆ ಫೋನಿನಲ್ಲೇ ಆಗಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಳಗಿನ ಜಾವ ಬೆಚ್ಚಿ ಎದ್ದ ಹೊತ್ತಿನಲ್ಲೂ ಮಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಉಳಿದ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಬೇಕು. ಕನಸಿಗಾಗಿ ಇರುವ ವಿಶೇಷ ಚಿಕಿತ್ಸೆ ಗೊತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಎಲ್ಲ ಊರಲ್ಲೂ ಸಿಗುವುದಿಲ್ಲ, ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ. ಆದರೆ ಪಿಟಿಎಸ್‌ಡಿ ಹೌದೋ ಅಲ್ಲವೋ ಗುರುತಿಸಿ ಚಿಕಿತ್ಸೆ ಶುರು ಮಾಡಲು, ಮುಂದಕ್ಕೆ ಕಳಿಸಲು ಮನೋವೈದ್ಯರಿಗೆ ಸಾಧ್ಯ.

ಹೋಗುವ ಮುಂಚೆ ಒಂದು ವಾರದ ಲೆಕ್ಕ ಬರೆದಿಟ್ಟುಕೊಂಡರೆ ತುಂಬಾ ಅನುಕೂಲ. ಎಷ್ಟು ರಾತ್ರಿ ಕನಸು ಬಿತ್ತು, ಎಷ್ಟು ಗಂಟೆಗೆ, ಅದೇ ಕನಸೋ ಬದಲಾಯಿತೋ, ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ಹಗಲು ಯಾವ ಕೆಲಸ ತಪ್ಪಿಸಿದಿರಿ, ಇಷ್ಟು ಸಾಕು. ಕನಸಿನ ವಿವರ ಎಲ್ಲ ಹೇಳಲೇಬೇಕೆಂದಿಲ್ಲ.

ಜೊತೆಯಲ್ಲಿ ಮಲಗುವವರು ಹೋದರೆ ಇನ್ನೂ ಒಳ್ಳೆಯದು, ಯಾಕೆಂದರೆ ಎರಡು ಸಂಗತಿ ಅವರಿಗೆ ಮಾತ್ರ ಗೊತ್ತಿರುತ್ತದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತಿದ್ದರೆ ಆ ತೊಂದರೆಯೇ ಕನಸನ್ನು ಹೆಚ್ಚಿಸುತ್ತಿರಬಹುದು. ವಯಸ್ಸಾದವರು ಯಾವ ದುರಂತವೂ ನಡೆಯದೆ ನಿದ್ದೆಯಲ್ಲಿ ಗುದ್ದುವುದು, ಒದೆಯುವುದು ಮಾಡುತ್ತಿದ್ದರೆ ನರರೋಗ ತಜ್ಞರು ನೋಡಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಎದೆ ಹೊಡೆದುಕೊಳ್ಳುವುದು ನಿಲ್ಲಲಿ ಅಂತ ಕೊಡುವ ಪ್ರೊಪ್ರನಲಾಲ್ ಮಾತ್ರೆಯೇ ಕೆಲವರಲ್ಲಿ ಕೆಟ್ಟ ಕನಸು ತರುತ್ತದೆ. ಅಂಥದ್ದಿದ್ದರೆ ಮಾತ್ರೆ ಬದಲಿಸುವುದೇ ಮೊದಲ ಚಿಕಿತ್ಸೆ. ಆದರೆ ಡಾಕ್ಟರು ಹೇಳುವವರೆಗೆ ಅದನ್ನು ತಾವಾಗಿಯೇ ನಿಲ್ಲಿಸಬಾರದು.